ಉಳಿದ ಹನ್ನೆರಡು ಪರ್ಸೆಂಟ್ ಶಾಖ ಎಲ್ಲಿಗೆ ಹೋಯಿತು?

ಡಿಪ್ಲೊಮಾ ಓದುತ್ತಿರುವ ಓದುಗರೊಬ್ಬರ ಪ್ರಶ್ನೆ: “ಕೊಳವೆಯ ಸುತ್ತ ಇರುವ ಫಿನ್‌ಗಳ ದಕ್ಷತೆ 0.88 ಎಂದು ಚಾರ್ಟ್ ತೋರಿಸಿತು ಸಾರ್. ಹಾಗಾದರೆ ಉಳಿದ 12 ಪರ್ಸೆಂಟ್ ಶಾಖ ಸೋರಿಹೋಯಿತೇ?” ಸೋರಿಲ್ಲ ಮಾರಾಯ್ರೆ, ಅದು ಕೊಳವೆಯಿಂದ ಹೊರಗೇ ಬಂದಿಲ್ಲ! ದಕ್ಷತೆ ಎಂದೊಡನೆ ನಷ್ಟದ ಲೆಕ್ಕ ಹಾಕುವ ಚಾಳಿಯನ್ನು ನಮಗೆ ಮೋಟಾರು, ಪಂಪುಗಳು ಅಂಟಿಸಿಬಿಟ್ಟಿವೆ. ಫಿನ್ನಿನ ದಕ್ಷತೆ ಬೇರೆಯೇ ಬಗೆಯದು. ಇಡೀ ಫಿನ್ ಅದರ ಬುಡದಷ್ಟೇ ಬಿಸಿಯಾಗಿದ್ದಿದ್ದರೆ ಎಷ್ಟು ಶಾಖ ಗಾಳಿಗೆ ಹೋಗುತ್ತಿತ್ತೋ, ಅದರಲ್ಲಿ ನಿಜವಾಗಿ ಹೋದ ಪಾಲು ಎಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ.

ತೈಲ ಶುದ್ಧೀಕರಣ ಕಾರ್ಖಾನೆಗಳ ಏರ್ ಕೂಲರ್‌ಗಳಲ್ಲಿ ಕಾಣುವಂಥ ಒಂದು ಕೊಳವೆ ತೆಗೆದುಕೊಳ್ಳೋಣ. ಹೊರವ್ಯಾಸ 25 ಮಿಲಿಮೀಟರ್. ಅದರ ಮೇಲೆ 57 ಮಿ.ಮೀ. ವ್ಯಾಸದ, 0.4 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಬಿಲ್ಲೆಗಳು, ಮೀಟರಿಗೆ 400. ಕೊಳವೆಯ ಮೈ 100 ಡಿಗ್ರಿ ಸೆಲ್ಸಿಯಸ್, ಗಾಳಿ 35 ಡಿಗ್ರಿ. ಅಲ್ಯೂಮಿನಿಯಮ್ಮಿನ ಉಷ್ಣವಾಹಕತೆ 200 ಎಂದೂ, ಗಾಳಿಯ ಶಾಖ ವರ್ಗಾವಣೆ ಗುಣಾಂಕ ಚದರ ಮೀಟರಿಗೆ, ಡಿಗ್ರಿಗೆ 40 ವಾಟ್ ಎಂದೂ ಇಟ್ಟುಕೊಳ್ಳಿ.

ಮೊದಲು ಒಂದು ಚಂದದ ಉಪಾಯ. ಫಿನ್ನಿನ ಅಂಚಿನ ತೆಳು ಪಟ್ಟಿಯಿಂದಲೂ ಶಾಖ ಹೋಗುತ್ತದೆ. ಅದನ್ನು ಬೇರೆಯಾಗಿ ಲೆಕ್ಕ ಹಾಕುವುದು ರಗಳೆ. ಆದ್ದರಿಂದ ಅಂಚು ಶಾಖವನ್ನೇ ಬಿಡುವುದಿಲ್ಲ ಎಂದುಕೊಂಡು, ಬದಲಿಗೆ ಫಿನ್ನನ್ನು ಅರ್ಧ ದಪ್ಪದಷ್ಟು ಉದ್ದ ಮಾಡಿಬಿಡುವುದು. 1922ರಲ್ಲಿ ವಿಮಾನ ಎಂಜಿನ್ನುಗಳ ಫಿನ್ ಲೆಕ್ಕ ಬರೆದ ಹಾರ್ಪರ್ ಮತ್ತು ಬ್ರೌನ್ ಮಾಡಿದ್ದು ಇದನ್ನೇ. ನಮ್ಮ ಫಿನ್ 16 ಮಿ.ಮೀ. ಬದಲು 16.2 ಮಿ.ಮೀ. ಆಯಿತು, ಹೊರತ್ರಿಜ್ಯ 28.7.

ಚಾರ್ಟಿನ ಅಡ್ಡಗೆರೆಗೆ ಬೇಕಾದ ಸಂಖ್ಯೆ ಹೀಗೆ ಬರುತ್ತದೆ:

0.0162 × √(40 ÷ (200 × 0.0004)) = 0.36

ಚಾರ್ಟಿನಲ್ಲಿ ಒಂದೇ ಗೆರೆಯಿಲ್ಲ, ಹೊರತ್ರಿಜ್ಯ-ಒಳತ್ರಿಜ್ಯಗಳ ಅನುಪಾತಕ್ಕೆ ಒಂದೊಂದರಂತೆ ಹಲವಿವೆ. ನಮ್ಮದು 28.7 ಭಾಗಿಸು 12.5, ಅಂದರೆ 2.3. 2 ಮತ್ತು 3ರ ಗೆರೆಗಳ ನಡುವೆ ಕಣ್ಣಂದಾಜಿನಲ್ಲಿ ನಿಂತರೆ 0.88 ಸಿಗುತ್ತದೆ. ಅವಸರದಲ್ಲಿ ಅನುಪಾತ 1ರ ಗೆರೆಯನ್ನು, ಅಂದರೆ ನೇರ ಫಿನ್ನಿನದನ್ನು ಓದಿದವರಿಗೆ 0.92 ಬರುತ್ತದೆ.

ಈ ವ್ಯತ್ಯಾಸ ಯಾಕೆ? ದುಂಡು ಫಿನ್ ದೋಸೆಯಂತೆ: ಹೊರಕ್ಕೆ ಹೋದಷ್ಟೂ ಹರವು ಹೆಚ್ಚು. ನಮ್ಮ ಫಿನ್ನಿನ ಅಗಲವನ್ನು ಸರಿಯಾಗಿ ಎರಡು ಭಾಗ ಮಾಡಿದರೆ ಹೊರಗಿನ ಅರ್ಧಕ್ಕೇ ಸುಮಾರು 60 ಪರ್ಸೆಂಟ್ ಮೈ ದಕ್ಕುತ್ತದೆ. ಅಷ್ಟೂ ಮೈಗೆ ಶಾಖ ಬರಬೇಕಾದದ್ದು ಬುಡದ ಕಿರಿದಾದ ಬಳೆಯನ್ನು ದಾಟಿ. ಹಾಗಾಗಿ ಹೆಚ್ಚು ಮೈ ಇರುವ ಕಡೆಯೇ ಬಿಸಿ ಕಡಿಮೆ. ನಮ್ಮ ಫಿನ್ನಿನ ಸರಾಸರಿ ತಾಪಮಾನ 92 ಡಿಗ್ರಿ, ಬುಡದ 100 ಅಲ್ಲ. ನಿಮ್ಮ 12 ಪರ್ಸೆಂಟ್ ಇರುವುದು ಇಲ್ಲೇ. ಈ ಗಣಿತ ನೇರವಾಗಿ ಬಿಡಿಸಲು ಹೋದರೆ ಬೆಸೆಲ್ ಫಲನಗಳು ಕಾಡುತ್ತವೆ. 1945ರಲ್ಲಿ ಗಾರ್ಡ್ನರ್ ಪ್ರಕಟಿಸಿದ ಚಾರ್ಟುಗಳು ಆ ಕಾಟ ತಪ್ಪಿಸಿದವು.

ಇನ್ನು ಒಟ್ಟು ಶಾಖ. ಒಂದು ಫಿನ್ನಿನ ಎರಡೂ ಮುಖ ಸೇರಿ 0.0042 ಚದರ ಮೀಟರ್, 400ಕ್ಕೆ 1.68. ಫಿನ್‌ಗಳ ನಡುವೆ ಬರಿದಾಗಿ ಉಳಿದ ಕೊಳವೆ 0.066. ದಕ್ಷತೆಯಿಂದ ಗುಣಿಸಬೇಕಾದದ್ದು ಫಿನ್ನಿನ ಮೈಯನ್ನು ಮಾತ್ರ. ಬರಿ ಕೊಳವೆ ಪೂರ್ತಿ 100 ಡಿಗ್ರಿಯಲ್ಲೇ ಇದೆಯಲ್ಲ.

40 × 65 × (0.88 × 1.68 + 0.066) ≈ 4,000 ವಾಟ್

ಫಿನ್ ಇಲ್ಲದ ಕೊಳವೆಯಾಗಿದ್ದರೆ ಬರೀ 204 ವಾಟ್. ಮೈ 22 ಪಟ್ಟು ಬೆಳೆದದ್ದಕ್ಕೆ ಶಾಖ ಸುಮಾರು 20 ಪಟ್ಟಾಯಿತು.

ಫ್ಯಾನ್ ಜೋರು ಮಾಡಿ ಗುಣಾಂಕವನ್ನು ನಾಲ್ಕು ಪಟ್ಟು, 160ಕ್ಕೆ ಏರಿಸಿದರೆ ಶಾಖವೂ ನಾಲ್ಕು ಪಟ್ಟಾಗುತ್ತದೆಯೇ? ಇಲ್ಲ. ಅಂಚು ಇನ್ನಷ್ಟು ತಣ್ಣಗಾಗಿ ದಕ್ಷತೆ 0.66ಕ್ಕೆ ಇಳಿಯುತ್ತದೆ, ಶಾಖ ಮೂರು ಪಟ್ಟು ಮಾತ್ರ. ಅದೂ ಕೊಳವೆಯ ಮೈಯನ್ನು 100 ಡಿಗ್ರಿಯಲ್ಲೇ ಉಳಿಸುವಷ್ಟು ಶಾಖ ಒಳಗಿನಿಂದ ಬರುತ್ತಿದ್ದರೆ.

ಚಾರ್ಟ್ ಕೇಳದ ಪ್ರಶ್ನೆಯೊಂದಿದೆ: ಫಿನ್ ಕೊಳವೆಗೆ ಗಟ್ಟಿಯಾಗಿ ಕಚ್ಚಿಕೊಂಡಿದೆಯೇ? ಉಕ್ಕಿನ ಕೊಳವೆಗೆ ಬಿಗಿಯಾಗಿ ಸುತ್ತಿದ ಅಲ್ಯೂಮಿನಿಯಂ ಪಟ್ಟಿ ಬಿಸಿಯಾದಾಗ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲಾಗುತ್ತದೆ. ಆಗ ಬುಡವೇ 100 ಡಿಗ್ರಿಯಲ್ಲಿರುವುದಿಲ್ಲ, ಲೆಕ್ಕ ಹೇಳಿದ್ದಕ್ಕಿಂತ ಶಾಖ ಕಡಿಮೆ ಬರುತ್ತದೆ. ಕೊಳವೆಯ ಮೇಲೊಂದು, ಫಿನ್ನಿನ ಬುಡದಲ್ಲೊಂದು ಥರ್ಮೋಕಪಲ್ ಇಟ್ಟು ನೋಡಿದರೆ ಎರಡರ ಅಂತರದಲ್ಲಿ ಇದು ಸಿಕ್ಕಿಬೀಳುತ್ತದೆ. ಹೆಚ್ಚು ಬಿಸಿಯ ಕೆಲಸಕ್ಕೆ ಕೊಳವೆಯಲ್ಲೇ ತೋಡು ಕೊರೆದು ಫಿನ್ನನ್ನು ಅದರೊಳಗೆ ಹೂತು ಕೂರಿಸುವುದು ಈ ಕಾರಣಕ್ಕೇ.