ನಮ್ಮ ಅಡಿಕೆ ಲಾರಿಯಲ್ಲೇ ಹೋಗುವುದೇಕೆ?



ರೈಲು ಬಾಡಿಗೆ ಲಾರಿಗಿಂತ ಕಡಿಮೆಯೆಂದು ಎಲ್ಲರೂ ಬಲ್ಲರು. ಹಾಗಿದ್ದೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಉತ್ತರ ಭಾರತಕ್ಕೆ ಹೋಗುವುದು ಹೆಚ್ಚಾಗಿ ಲಾರಿಯಲ್ಲಿ. ಇದಕ್ಕೆ ಕಾರಣವೇನೆಂಬ ಪ್ರಶ್ನೆ ಸಭೆಗಳಲ್ಲಿ ಆಗಾಗ ಬರುತ್ತದೆ. ಲೆಕ್ಕ ಹಾಕಿಯೇ ನೋಡೋಣ.

ಹಿಂದೆ ನಮ್ಮ ದಾರಿ ಸಮುದ್ರದ ಕಡೆಗಿತ್ತು. ಘಟ್ಟ ಇಳಿದ ಎತ್ತಿನ ಗಾಡಿಗಳು ಕುಮಟೆಯ ಬಂದರು ಸೇರುತ್ತಿದ್ದವು. ಅಲ್ಲಿಂದ ಹಾಯಿಹಡಗುಗಳು ಮಾಲನ್ನು ಮುಂಬಯಿಗೆ ಒಯ್ಯುತ್ತಿದ್ದವು. ಧಾರವಾಡ ಸೀಮೆಯ ಹತ್ತಿಯೂ ಅದೇ ಬಂದರಿನಿಂದ ಹೋಗಿ 'ಕುಮಟಾ ಹತ್ತಿ' ಎಂದೇ ಹೆಸರಾಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ರೈಲು ಮುರ್ಮುಗೋವಾ ಬಂದರನ್ನು ಮುಟ್ಟಿದ ಮೇಲೆ ಹತ್ತಿ ಆ ದಾರಿ ಹಿಡಿಯಿತು, ಕುಮಟೆಯ ವ್ಯಾಪಾರ ಇಳಿಯಿತು. ಭಾರಿ ಪ್ರಮಾಣದ ಸರಕಿಗೆ ರೈಲು ಎಷ್ಟು ಅನುಕೂಲವೆಂಬುದಕ್ಕೆ ಇದೇ ಸಾಕ್ಷಿ. ಆದರೆ ನಮ್ಮ ಮೂರು ಪಟ್ಟಣಗಳಲ್ಲಿ ಒಂದಕ್ಕೂ ಇಂದಿಗೂ ರೈಲು ನಿಲ್ದಾಣವಿಲ್ಲ.

ಈಗ ಒಂದು ಕ್ವಿಂಟಲ್ ರಾಶಿ ಅಡಿಕೆ ಶಿರಸಿಯಿಂದ ದೆಹಲಿಗೆ ಹೋಗಬೇಕೆನ್ನಿ. ದರಗಳು ದಿನದಿನಕ್ಕೆ ಬದಲಾಗುವುದರಿಂದ ಇಲ್ಲಿ ಲೆಕ್ಕಕ್ಕೆ ಅನುಕೂಲವಾದ ಅಂಕಿಗಳನ್ನೇ ಹಿಡಿದಿದ್ದೇನೆ; ನಿಮ್ಮ ಅಂದಿನ ದರ ಹಾಕಿ ನೋಡಬಹುದು.

ಲಾರಿ ಬಾಡಿಗೆ ₹500. ಇಲ್ಲಿ ಏರಿಸುವ, ಅಲ್ಲಿ ಇಳಿಸುವ ಹಮಾಲಿ ತಲಾ ₹20. ಒಟ್ಟು ₹540.

ರೈಲು ಬಾಡಿಗೆ ₹300 ಎನ್ನೋಣ. ಆದರೆ ಶಿರಸಿಯಿಂದ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಲಾರಿ ಬೇಕು, ₹80. ದೆಹಲಿಯ ನಿಲ್ದಾಣದಿಂದ ವ್ಯಾಪಾರಿಯ ವಖಾರಿಗೆ ಇನ್ನೊಂದು ಗಾಡಿ, ₹50. ಚೀಲವನ್ನು ಮೂರು ಸಲ ಏರಿಸಿ ಮೂರು ಸಲ ಇಳಿಸಬೇಕು, ಅದಕ್ಕೆ ₹120. ಒಟ್ಟು ₹550. ₹200ರ ಉಳಿತಾಯ ಹೀಗೆ ಕರಗಿಹೋಯಿತು.

ಇನ್ನು ಸಮಯದ ಬೆಲೆ. ಕ್ವಿಂಟಲಿಗೆ ₹45,000 ಬೆಲೆ, ನೂರಕ್ಕೆ 12ರ ವಾರ್ಷಿಕ ಬಡ್ಡಿ ಎಂದರೆ ದಿನಕ್ಕೆ ಸುಮಾರು ₹15. ರೈಲಿನ ಒಂದು ಮುಚ್ಚಿದ ವ್ಯಾಗನ್ ಸುಮಾರು 60 ಟನ್ ಹಿಡಿಯುತ್ತದೆ; ಅಷ್ಟು ಮಾಲು ಕೂಡುವವರೆಗೆ ಕಾಯುವುದೂ ಸೇರಿ ಆರು ದಿನ ತಡವಾದರೆ ₹90 ಹೋಯಿತು. ರೈಲಿನ ವೆಚ್ಚ ₹640 ಆಯಿತು. ಹತ್ತು ಟನ್ ಕೂಡಿದರೆ ಲಾರಿ ಅಂದೇ ಹೊರಡುತ್ತದೆ.

ಇದೇ ಲೆಕ್ಕವನ್ನು ಪೊಟ್ಯಾಷ್ ಗೊಬ್ಬರಕ್ಕೆ ಹಾಕಿದರೆ ಉತ್ತರ ತಿರುಗುತ್ತದೆ. ಕ್ವಿಂಟಲಿಗೆ ₹3,400 ಎಂದು ಹಿಡಿದರೆ ದಿನದ ಬಡ್ಡಿ ಒಂದು ರೂಪಾಯಿ ಚಿಲ್ಲರೆ. ತಡವಾದರೂ ನಷ್ಟ ಅಲ್ಪ. ಬಾಡಿಗೆ ಹೆಚ್ಚಾದರೆ ಮಾತ್ರ ಬೆಲೆಯೇ ಏರುತ್ತದೆ. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷ್ ವಿದೇಶದಿಂದ ಹಡಗಿನಲ್ಲಿ ಬಂದು, ಬಂದರಿನಿಂದ ದೂರದೂರಿಗೆ ಇಡೀ ರೈಲಿನಲ್ಲಿ ಸಾಗಿ, ಕೊನೆಗೆ ಲಾರಿಯಲ್ಲಿ ಸೊಸೈಟಿ ಮುಟ್ಟುವುದು ಇದೇ ಕಾರಣಕ್ಕೆ.

ಕಾಫಿ ವಿದೇಶಕ್ಕೆ ಹೋಗುವುದು ಮಂಗಳೂರಿನಿಂದ ಹಡಗಿನಲ್ಲಿ. 20 ಅಡಿಯ ಕಂಟೇನರಿನಲ್ಲಿ 60 ಕಿಲೋದ 320 ಚೀಲ, ಅಂದರೆ ಸುಮಾರು 19 ಟನ್ ಹಿಡಿಯುತ್ತದೆ. ಹಡಗಿನ ಬಾಡಿಗೆ ಕಡಿಮೆ, ದಿನ ಹೆಚ್ಚು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳಾದಾಗ ಯುರೋಪಿನ ಅನೇಕ ಹಡಗುಗಳು ಆಫ್ರಿಕಾ ಸುತ್ತಿ ಹೋಗಿ ಹತ್ತು-ಹದಿನಾಲ್ಕು ದಿನ ತಡವಾದವು. ದಿನ ಹೆಚ್ಚಿದಷ್ಟೂ ಕಂಟೇನರಿನ ಒಳಚಾವಣಿ ಬೆವತು ಮೇಲಿನ ಚೀಲಗಳ ಮೇಲೆ ನೀರು ತೊಟ್ಟಿಕ್ಕುವ ಅಪಾಯ ಹೆಚ್ಚು. ಚೆನ್ನಾಗಿ ಒಣಗದ ಬೀಜವಿದ್ದರಂತೂ ಬೂಷ್ಟು ಖಂಡಿತ. ಮೇಲಿನ ಸಾಲಿನಲ್ಲಿ ಮಾತ್ರ ಕಲೆಯಿದ್ದರೆ ಅದು ಈ ಬೆವರಿನದಾಗಿರಬಹುದು.

ವಿಮಾನ ಒಂದೆರಡು ದಿನದಲ್ಲಿ ಮುಟ್ಟಿಸುತ್ತದೆ. ಬಾಡಿಗೆ ಮಾತ್ರ ಎಲ್ಲಕ್ಕಿಂತ ದುಬಾರಿ. ಹಗುರಾದರೂ ಜಾಗ ಹೆಚ್ಚು ಹಿಡಿಯುವ ಸರಕಿಗೆ ಒಂದು ಘನ ಮೀಟರನ್ನು ಸುಮಾರು 167 ಕಿಲೋ ಎಂದೇ ಲೆಕ್ಕ ಹಿಡಿಯುತ್ತಾರೆ. ಆದ್ದರಿಂದ ಅದು ಬಾಡುವ ಹೂವಿಗೆ, ಔಷಧಕ್ಕೆ, ಕಾಫಿಯ ಮಾದರಿ ಪೊಟ್ಟಣಕ್ಕೆ ಸರಿ. ಕೆಡದೆ ಉಳಿಯುವ ಅಡಿಕೆ ಮೂಟೆಗೆ ಅಲ್ಲ.

ಲಾರಿಯ ದೌರ್ಬಲ್ಯ ಘಟ್ಟದ ದಾರಿ. 2021ರ ಜುಲೈನಲ್ಲಿ ಅರಬೈಲು ಘಟ್ಟದಲ್ಲಿ, 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. ಮಳೆಗಾಲದಲ್ಲಿ ತಾಡಪತ್ರಿಯೊಂದು ಹರಿದಿದ್ದರೂ ಒಣಗಿದ ಅಡಿಕೆ ತೇವ ಹೀರುತ್ತದೆ. ತೂಕ ಇಲ್ಲಿಗಿಂತ ಅಲ್ಲಿ ಹೆಚ್ಚು ಬಂದರೆ ಸಂತೋಷ ಪಡಬಾರದು. ಅದು ನೀರಿನ ತೂಕ.

ಯಲ್ಲಾಪುರದ ಮೇಲೆ ಹಾಯಬೇಕಾದ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ 1990ರ ದಶಕದಿಂದಲೂ ಚರ್ಚೆಯಲ್ಲಿದ್ದು, ಅರಣ್ಯದ ಪ್ರಶ್ನೆಯಿಂದ ಪೂರ್ಣಗೊಂಡಿಲ್ಲ. ಅದು ಬಂದರೂ ಲೆಕ್ಕದಲ್ಲಿ ತಗ್ಗುವುದು ಹುಬ್ಬಳ್ಳಿಯವರೆಗಿನ ₹80ರ ಬಾಬು. ವಖಾರಿಯಿಂದ ನಿಲ್ದಾಣಕ್ಕೆ ಲಾರಿ ಬೇಕಾಗುವವರೆಗೆ ಆರು ಹಮಾಲಿ ಹಾಗೆಯೇ ಉಳಿಯುತ್ತದೆ. ವ್ಯಾಗನ್ ತುಂಬುವಷ್ಟು ಮಾಲನ್ನು ಸಂಘಗಳು ಒಂದೇ ದಿನ ಕೂಡಿಸಿದರೆ ಕಾಯುವ ದಿನಗಳ ಬಡ್ಡಿಯೂ ಉಳಿಯುತ್ತದೆ. ಇವೆರಡೂ ಕೂಡಿಬಂದಾಗಲೇ ರೈಲು ನಮಗೆ ಅಗ್ಗವಾದೀತು.

— ಕಾರ್ಯದರ್ಶಿ