ಬೋರ್ಡಿಲ್ಲದ ಖಾನಾವಳಿಗೆ ಗುರುತು ಯಾವುದು?

ಬೆಂಗಳೂರಿನ ವಿಜಯನಗರದಲ್ಲಿ ಒಂದು ಮನೆಯ ನೆಲಮಹಡಿ. ಎರಡು ಒಲೆ, ಮೂರು ಹಂಚು, ರೊಟ್ಟಿ ಬಡಿಯುವ ಇಬ್ಬರು ಹೆಂಗಸರು. ಹೊರಗೆ ಬೋರ್ಡಿಲ್ಲ, ಒಳಗೆ ಮೇಜು ಕುರ್ಚಿಯಿಲ್ಲ. ಬಾಗಲಕೋಟೆ ಕಡೆಯ ದಂಪತಿ ನಡೆಸುವ ಈ ಕ್ಲೌಡ್ ಕಿಚನ್ ಇರುವುದು ಸ್ವಿಗ್ಗಿ, ಜೊಮ್ಯಾಟೊಗಳಲ್ಲಿ ಮಾತ್ರ. ಜೋಳದ ರೊಟ್ಟಿ, ಎಣಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು: ಮುಖ್ಯವಾಗಿ ಇಷ್ಟೇ ಅವರ ಊಟ. ಡಬ್ಬಿ, ಲೇಬಲ್‌ಗಳ ವಿನ್ಯಾಸ ಮಾಡಿ ಬದುಕುವ ನನ್ನನ್ನು ಅವರು ಕರೆಸಿದ್ದು ಲೋಗೊ ಮಾಡಿಸಿಕೊಳ್ಳಲು. ಅವರು ನಂಬಿಕೊಂಡಿದ್ದ, ಒಂದೆರಡನ್ನು ನಾನೂ ನಂಬಿದ್ದ ಮಾತುಗಳನ್ನು ಇಲ್ಲಿ ಒಂದೊಂದಾಗಿ ಬಿಡಿಸುತ್ತೇನೆ.

ತಪ್ಪು ಕಲ್ಪನೆ: ಅಂಗಡಿ ಇಲ್ಲದವರಿಗೆ ಲೋಗೊವೇ ಅಂಗಡಿ.

ವಾಸ್ತವ: ಹಸಿದವರೊಬ್ಬರು ಆಪ್ ತೆರೆದಾಗ ಏನು ಕಾಣುತ್ತದೆ ಎಂದು ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಒಂದು ತಿನಿಸಿನ ಫೋಟೊ, ಅದರ ಕೆಳಗೆ ಹೆಸರು, ನಕ್ಷತ್ರದ ಅಂಕಿ, ಎಷ್ಟು ನಿಮಿಷಕ್ಕೆ ಬರುತ್ತದೆ ಎಂಬ ಲೆಕ್ಕ. ಅಕ್ಷರದ ಶೈಲಿ ಆಪ್‌ನದು, ಬಣ್ಣ ಆಪ್‌ನದು, ಜಾಗ ಆಪ್‌ನದು. ಲೋಗೊ ಕೂರಲು ಅಲ್ಲಿ ಮೂಲೆಯೂ ಸಿಗುವುದು ಕಷ್ಟ. ಬಾಡಿಗೆ ಮನೆಯ ಗೋಡೆಗೆ ನಮ್ಮ ಬಣ್ಣ ಬಳಿಯಲು ಮಾಲೀಕ ಬಿಡದಿದ್ದ ಹಾಗೆ ಇದು. ನಮ್ಮ ಕೈಯಲ್ಲಿ ಉಳಿಯುವುದು ಹೆಸರು ಮತ್ತು ಫೋಟೊ, ಎರಡೇ.

ದಂಪತಿಯ ಬಳಿ ಆಗಲೇ ಒಂದು ಫೋಟೊ ಇತ್ತು. ಕಂಚಿನ ತಟ್ಟೆ, ಬಾಳೆಲೆ, ಸುತ್ತ ಎಂಟು ಬಟ್ಟಲು. ದೊಡ್ಡ ಪರದೆಯಲ್ಲಿ ಮದುವೆ ಊಟದಂತೆ ಕಾಣುತ್ತಿತ್ತು. ಅದನ್ನೇ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ತೋರಿಸಿದೆ. ಕಲಸಿಟ್ಟ ಬಣ್ಣದ ಹಾಗೆ ಆಯಿತು, ರೊಟ್ಟಿ ಎಲ್ಲಿದೆ ಎಂದು ಅವರಿಗೇ ಗೊತ್ತಾಗಲಿಲ್ಲ. ಇನ್ನೊಂದು ತೊಡಕೂ ಇತ್ತು. ಕಂಚಿನ ತಟ್ಟೆ ನೋಡಿ ದುಡ್ಡು ಕೊಟ್ಟವರ ಕೈಗೆ ಬರುವುದು ಪ್ಲಾಸ್ಟಿಕ್ ಡಬ್ಬಿ. ಆ ನಿರಾಸೆಯ ಹೊರೆ ಅಡುಗೆಯ ಮೇಲೆ ಬೀಳುತ್ತದೆ.

ಹಾಗಾಗಿ ಒಂದು ರೊಟ್ಟಿ, ಅದರ ಮೇಲೆ ಎರಡು ಎಣಗಾಯಿ, ಇಷ್ಟನ್ನೇ ಹತ್ತಿರದಿಂದ ತೆಗೆದೆವು. ಜೋಳದ ರೊಟ್ಟಿ ಬಿಳಿಚು; ಆಪ್‌ನ ಬಿಳಿ ಹಿನ್ನೆಲೆಯಲ್ಲಿ ಅದು ಕರಗಿಹೋಗುತ್ತದೆ. ಏನು ಹಾಸುವುದು ಎಂದು ಹುಡುಕುತ್ತಿದ್ದಾಗ ಮನೆಯೊಡತಿ ಅಕ್ಕ ಒಳಗಿನಿಂದ ಹಳೆಯ ಇಳಕಲ್ ಸೀರೆ ತಂದರು. ಅದರ ಸೆರಗಿನ ಗಾಢ ಕೆಂಪಿನ ಮೇಲೆ ರೊಟ್ಟಿ ಎದ್ದು ಕಂಡಿತು. ಮೆನುವಿನ ಹದಿನಾಲ್ಕು ತಿನಿಸುಗಳನ್ನೂ ಅದೇ ಸೆರಗಿನ ಮೇಲಿಟ್ಟು, ಅದೇ ಕಿಟಕಿಯ ಬೆಳಕಿನಲ್ಲಿ ತೆಗೆದೆವು. ಡಬ್ಬಿಯ ಸ್ಟಿಕ್ಕರಿಗೂ ಅದೇ ಕೆಂಪು. ಫೋನಿನಲ್ಲಿ ಕಂಡ ಬಣ್ಣವೇ ಬಾಗಿಲಿಗೆ ಬಂದರೆ ತಿನ್ನುವವರ ಮನಸ್ಸಿನಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಲೋಗೊ ಮಾಡಬೇಕಿದ್ದ ಕೆಲಸ ಅದೇ ತಾನೆ!

ತಪ್ಪು ಕಲ್ಪನೆ: ಜನ ಹುಡುಕುವ ಪದವನ್ನೇ ಹೆಸರಾಗಿಟ್ಟರೆ ಮೇಲೆ ಬರುತ್ತೇವೆ.

ವಾಸ್ತವ: ಅವರು ಇಡಬೇಕೆಂದಿದ್ದದ್ದು ‘ಉತ್ತರ ಕರ್ನಾಟಕ ರೊಟ್ಟಿ ಊಟ’. ಇದೇ ಪದಗಳನ್ನು ಹಿಂದುಮುಂದು ಮಾಡಿಟ್ಟುಕೊಂಡವರು ಊರ ತುಂಬ ಇದ್ದಾರೆ. ಒಮ್ಮೆ ತಿಂದು ಮೆಚ್ಚಿದವರು ಮರುವಾರ ಹುಡುಕಿದರೆ ಇನ್ನೊಬ್ಬರ ಮನೆ ರೊಟ್ಟಿ ತರಿಸಿಕೊಂಡಿರುತ್ತಾರೆ, ಅವರಿಗೆ ಅದು ತಿಳಿಯುವುದೂ ಇಲ್ಲ. ಆಪ್‌ನ ಹುಡುಕಾಟ ಹೆಸರನ್ನು ಮಾತ್ರವಲ್ಲ, ಮೆನುವಿನ ತಿನಿಸುಗಳನ್ನೂ ನೋಡುತ್ತದೆ. ‘ಜೋಳದ ರೊಟ್ಟಿ’ ಎಂಬ ಪದಕ್ಕೆ ಮೆನುವಿನಲ್ಲಿ ಜಾಗವಿದೆ, ಹೆಸರಿನಲ್ಲಿ ಬೇಕಿಲ್ಲ.

ಕಾನೂನೂ ಇಂಥ ಹೆಸರಿಗೆ ಒಲಿಯುವುದಿಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸರಕು ಏನು, ಎಲ್ಲಿಯದು ಎಂದಷ್ಟೇ ಹೇಳುವ ಪದಗಳನ್ನು ಸಾಮಾನ್ಯವಾಗಿ ಒಬ್ಬರ ಹೆಸರಿಗೆ ನೋಂದಾಯಿಸಿಕೊಡುವುದಿಲ್ಲ. ನೀವು ಕಟ್ಟಿದ ಹೆಸರನ್ನು ನಾಳೆ ಪಕ್ಕದ ಬೀದಿಯವರು ಇಟ್ಟುಕೊಂಡರೆ ತಡೆಯಲು ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಕನ್ನಡದ ಹೆಸರಿಗೆ ಇರುವ ಇನ್ನೊಂದು ಪೇಚನ್ನು ಹೊರಗಿನ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಹೆಸರು ಕನ್ನಡದ್ದು, ಹುಡುಕುವವರು ಒತ್ತುವುದು ಇಂಗ್ಲಿಷ್ ಅಕ್ಷರ. ‘ಜೋಳದ ರೊಟ್ಟಿ’ಯನ್ನು jolada rotti ಎಂದು ಬರೆಯುವವರಿದ್ದಾರೆ, jolad roti ಎನ್ನುವವರಿದ್ದಾರೆ, jowar roti ಎನ್ನುವವರೂ ಇದ್ದಾರೆ. ‘ಎಣಗಾಯಿ’ಗೆ enagayi, yenagai, ennegayi. ಒತ್ತಕ್ಷರ ಬಂದರೆ ಒಂದು t ಬೇಕೋ ಎರಡು ಬೇಕೋ ಎಂಬ ಅನುಮಾನ. ದೀರ್ಘ ಬಂದರೆ ಇನ್ನೊಂದು. ಳ, ಣ, ಮಹಾಪ್ರಾಣಗಳದ್ದು ಬೇರೆಯೇ ಕತೆ. ಆಪ್ ಸಣ್ಣಪುಟ್ಟ ತಪ್ಪನ್ನು ತಿದ್ದಿಕೊಳ್ಳುತ್ತದೆ, ಆದರೆ ಯಾರಿಗೂ ಗೊತ್ತಿರದ ಹೊಸ ಹೆಸರಿಗೆ ಆ ದಾಕ್ಷಿಣ್ಯ ಸಿಗುವುದು ಕಡಿಮೆ.

‘ಬುತ್ತಿ’ ಎಂಬ ಹೆಸರು ನನಗೆ ತುಂಬ ಹಿಡಿಸಿತ್ತು. ಅರ್ಥಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆದು ನೋಡಿದಾಗ ಅವರ ಕಾಲೇಜಿಗೆ ಹೋಗುವ ಮಗಳು ನಕ್ಕ ನಗುವಿಗೆ ಅದನ್ನು ಅಲ್ಲೇ ಕೈಬಿಟ್ಟೆವು. ಆಮೇಲೆ ಒಂದು ಪರೀಕ್ಷೆ ಮಾಡಿದೆವು. ಉಳಿದ ನಾಲ್ಕು ಹೆಸರುಗಳನ್ನು ಹತ್ತು ಜನರಿಗೆ ಫೋನಿನಲ್ಲಿ ಹೇಳಿ, ಕೇಳಿದ ಹಾಗೆ ಟೈಪ್ ಮಾಡಿ ಕಳಿಸಿ ಎಂದೆವು. ಒಂದು ಹೆಸರನ್ನು ಒಂಬತ್ತು ಜನ ಒಂದೇ ಥರ ಬರೆದಿದ್ದರು. ಅದನ್ನೇ ಇಟ್ಟರು. ಅದು ಅವರ ಸ್ವತ್ತಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಮೂರೇ ಅಕ್ಷರ, ಒತ್ತಿಲ್ಲ, ದೀರ್ಘವಿಲ್ಲ, ಅಡುಗೆಮನೆಯ ಒಂದು ಹಳೆಯ ವಸ್ತುವಿನ ಹೆಸರು.

ತಪ್ಪು ಕಲ್ಪನೆ: ಒಂದೇ ಒಲೆಗೆ ಐದು ಹೆಸರಿಟ್ಟರೆ ಐದು ಪಟ್ಟು ವ್ಯಾಪಾರ.

ವಾಸ್ತವ: ಒಂದೇ ಅಡುಗೆಮನೆಯಿಂದ ಹಲವು ಬ್ರ್ಯಾಂಡ್ ನಡೆಸುವುದು ತಪ್ಪಲ್ಲ. ಪುಣೆಯ ಫಾಸೋಸ್‌ನಿಂದ ಬೆಳೆದ ರೆಬೆಲ್ ಫುಡ್ಸ್ ಹಾಗೆಯೇ ನಡೆಯುತ್ತದೆ. ಆದರೆ ಅಲ್ಲಿ ಬೆಹ್ರೂಜ್ ಎಂದರೆ ಬಿರಿಯಾನಿ, ಓವನ್‌ಸ್ಟೋರಿ ಎಂದರೆ ಪಿಜ್ಜಾ. ತಿನಿಸೇ ಬೇರೆ, ಡಬ್ಬಿಯೂ ಬೇರೆ. ಅದೇ ಮೆನುವಿಗೆ ಬರೀ ಹೆಸರು ಬದಲಿಸುವ ಆಟಕ್ಕೆ ಬೇಸತ್ತು 2023ರಲ್ಲಿ ಅಮೆರಿಕದ ಉಬರ್ ಈಟ್ಸ್ ಸುಮಾರು 5,000 ಇಂಥ ಅಂಗಡಿಗಳನ್ನು ತನ್ನ ಆಪ್‌ನಿಂದ ತೆಗೆದುಹಾಕಿತು. ಸಣ್ಣವರಿಗೆ ನಷ್ಟ ಇನ್ನೂ ಸರಳ: ಒಂದು ಹೆಸರಿಗೆ ಸೇರಬೇಕಿದ್ದ ನೂರು ಅಭಿಪ್ರಾಯಗಳು ಐದು ಕಡೆ ಚೆದುರುತ್ತವೆ. ಈ ದಂಪತಿಗೆ ಒಂದೇ ಹೆಸರು ಸಾಕು ಎಂದೆ.

ತಪ್ಪು ಕಲ್ಪನೆ: ಡಬ್ಬಿ ಎಂದರೆ ಹೆಸರು ಅಚ್ಚು ಹಾಕಿಸುವ ಜಾಗ.

ವಾಸ್ತವ: ಡಬ್ಬಿಯೇ ಇವರ ಖಾನಾವಳಿ. ಅದು ಬಾಗಿಲು, ತಟ್ಟೆ, ಬಡಿಸುವವನು, ಗಲ್ಲಾದಲ್ಲಿ ಕೂತು ವಿಚಾರಿಸುವ ಮಾಲೀಕ, ಎಲ್ಲವೂ ಹೌದು. ಇಲ್ಲಿ ಎಡವಿದರೆ ಹೆಸರು, ಫೋಟೊ ಎಷ್ಟೇ ಚೆನ್ನಾಗಿದ್ದರೂ ಒಂದೇ ಆರ್ಡರಿಗೆ ಮುಗಿಯುತ್ತದೆ.

ಮೊದಲ ತಿಂಗಳ ದೂರುಗಳನ್ನು ಓದಿದೆವು. ರುಚಿಯ ಬಗ್ಗೆ ಯಾರದೂ ತಕರಾರಿಲ್ಲ. ‘ರೊಟ್ಟಿ ಚರ್ಮದ ಹಾಗಿತ್ತು’ ಎಂದು ಹಲವರು ಬರೆದಿದ್ದರು. ನಾನು ಕೇಳುವ ಮೊದಲೇ ಅಕ್ಕ ಹೇಳಿದರು: “ಬಿಸಿ ರೊಟ್ಟಿ ಡಬ್ಬ್ಯಾಗ ಹಾಕಿ ಮುಚ್ಚಿದ್ರ ಬೆವರತಾವ್ರಿ. ಊರಾಗ ನಾವು ಬುಟ್ಟ್ಯಾಗ ಅರಿವಿ ಹಾಸಿ ಇಡತೀವಿ.” ಕಾರಣ ಅಷ್ಟೇ. ಹಂಚಿನಿಂದ ಇಳಿದ ರೊಟ್ಟಿಯ ಉಗಿ ಮುಚ್ಚಳಕ್ಕೆ ತಾಕಿ ನೀರಾಗಿ ಮತ್ತೆ ರೊಟ್ಟಿಯ ಮೇಲೆ ಬೀಳುತ್ತದೆ. ನೆನೆದ ರೊಟ್ಟಿ ಆರಿದ ಮೇಲೆ ನಾರಾಗುತ್ತದೆ. ಈಗ ರೊಟ್ಟಿಯನ್ನು ಎರಡು ಮೂರು ನಿಮಿಷ ಬಿದಿರು ಬುಟ್ಟಿಯಲ್ಲಿ ಉಗಿ ಬಿಡಿಸಿ, ಬಟರ್ ಪೇಪರಿನಲ್ಲಿ ಸುತ್ತಿ, ತೂತಿರುವ ಕಾಗದದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹಳ್ಳಿಯ ಸೊಗಡಿಗೆಂದು ನ್ಯೂಸ್‌ಪೇಪರಿನಲ್ಲಿ ಸುತ್ತೋಣ ಎಂದು ಯಜಮಾನರು ಹೇಳಿದ್ದರು. ಬೇಡ ಎಂದೆ: ಮುದ್ರಣದ ಶಾಯಿ ತಿನಿಸಿಗೆ ಇಳಿಯುತ್ತದೆ, ಎಫ್‌ಎಸ್‌ಎಸ್‌ಎಐ ನಿಯಮವೂ ಅದನ್ನು ನಿಷೇಧಿಸಿದೆ. ದೂರದ ಆರ್ಡರುಗಳಿಗೆ ಕಡಕ್ ರೊಟ್ಟಿಯನ್ನೇ ಮೆನುವಿನಲ್ಲಿ ಮೊದಲು ತೋರಿಸುತ್ತಾರೆ. ಅದಕ್ಕೆ ಉಗಿಯ ಕಾಟವೇ ಇಲ್ಲ. ಎಣಗಾಯಿಯ ಎಣ್ಣೆ ಎಂಥ ಮುಚ್ಚಳದ ಸಂದಿನಿಂದಲೂ ತೂರಿಕೊಂಡು ಬರುವುದರಿಂದ ಡಬ್ಬಿಯನ್ನು ಮುಕ್ಕಾಲು ಮಾತ್ರ ತುಂಬುತ್ತಾರೆ.

ಇನ್ನು ಬಡಿಸುವವನ ಮಾತು. ಖಾನಾವಳಿಯಲ್ಲಿ ಹೊಸಬರು ಚಟ್ನಿಪುಡಿಯನ್ನು ಒಣದಾಗಿಯೇ ಬಾಯಿಗೆ ಹಾಕಿಕೊಂಡರೆ, “ಮೊಸರು ಹಾಕ್ಕೊಳ್ರಿ” ಎಂದು ಯಾರಾದರೂ ಹೇಳುತ್ತಾರೆ. ಡಬ್ಬಿ ತೆರೆದವರಿಗೆ ಹೇಳುವವರಿಲ್ಲ. ಅದಕ್ಕಾಗಿ ಪ್ರತಿ ಪೊಟ್ಟಣದ ಮೇಲೂ ಕನ್ನಡದಲ್ಲಿ ದೊಡ್ಡದಾಗಿ ಹೆಸರು, ಕೆಳಗೆ ಒಂದೇ ಸಾಲು: ‘ಶೇಂಗಾ ಚಟ್ನಿಪುಡಿ. ಮೊಸರು ಇಲ್ಲವೇ ಎಣ್ಣೆಯಲ್ಲಿ ಕಲಸಿಕೊಳ್ರಿ.’ ಇಂಗ್ಲಿಷ್ ಅದರ ಕೆಳಗೆ ಸಣ್ಣದಾಗಿ. ಆ ‘ಕಲಸಿಕೊಳ್ರಿ’ಯನ್ನು ‘ಕಲಸಿಕೊಳ್ಳಿ’ ಎಂದು ತಿದ್ದಲು ಹೋಗಿ ಕೈ ಹಿಂದೆ ತೆಗೆದುಕೊಂಡೆ. ಅವರ ಗುರುತು ಅದೇ ‘ರಿ’ಯಲ್ಲಿದೆ.

ಇಷ್ಟಕ್ಕೆಲ್ಲ ಅಚ್ಚು ಹಾಕಿಸಿದ ಪೆಟ್ಟಿಗೆ ಬೇಕಿಲ್ಲ. ಅಚ್ಚಿನವರು ಸಾವಿರಗಳಲ್ಲಿ ಆರ್ಡರ್ ಕೇಳುತ್ತಾರೆ. ಮೆನು ಅಥವಾ ಅಳತೆ ಬದಲಾದರೆ ಉಳಿದವು ಅಟ್ಟಕ್ಕೆ. ಅಂಗಡಿಯಲ್ಲಿ ಸಿಗುವ ಸಾದಾ ಕಂದು ಪೆಟ್ಟಿಗೆ, ಒಂದು ಕೆಂಪು ಸ್ಟಿಕ್ಕರ್, ತೆರೆದರೆ ಹರಿದುಹೋಗುವ ಒಂದು ಸೀಲ್ ಪಟ್ಟಿ ಸಾಕಾಯಿತು.

ತಪ್ಪು ಕಲ್ಪನೆ: ಆಪ್‌ನಲ್ಲಿ ನಾಲ್ಕೂವರೆ ನಕ್ಷತ್ರ ಬಂದರೆ ಬ್ರ್ಯಾಂಡ್ ಆದಂತೆ.

ವಾಸ್ತವ: ತಿಂದವರನ್ನು “ಎಲ್ಲಿಂದ ತರಿಸಿದಿರಿ?” ಎಂದು ಕೇಳಿ. “ಸ್ವಿಗ್ಗಿಯಿಂದ” ಎಂದರೆ ನಿಮಗಿನ್ನೂ ಗುರುತು ಹುಟ್ಟಿಲ್ಲ. ಹೆಸರು ಹೇಳಿದರೆ ಹುಟ್ಟಿದೆ. ಆಪ್ ಕೊಡುವ ವರದಿಯಲ್ಲಿ ಹೊಸಬರೆಷ್ಟು, ಮರಳಿ ಬಂದವರೆಷ್ಟು ಎಂದು ನೋಡಿ. ರಿಯಾಯಿತಿ ನಿಲ್ಲಿಸಿದ ವಾರದಲ್ಲೂ ಮರಳಿದವರ ಸಂಖ್ಯೆ ಕುಸಿಯದಿದ್ದರೆ ಅವರು ಬಂದದ್ದು ನಿಮಗಾಗಿ.

ನಕ್ಷತ್ರ, ಅಭಿಪ್ರಾಯ, ಆಪ್‌ನಲ್ಲಿರುವ ಜಾಗ, ಇವು ನಿಮ್ಮ ಸ್ವತ್ತಲ್ಲ. ಒಂದು ಆಪ್‌ನಿಂದ ಇನ್ನೊಂದಕ್ಕೆ ಹೊತ್ತೊಯ್ಯಲು ಬರುವುದಿಲ್ಲ. ಹೊತ್ತೊಯ್ಯಬಹುದಾದ್ದು ಹೆಸರು. ಅದನ್ನು ಆಹಾರ ಸೇವೆಗಳ 43ನೇ ವರ್ಗದಲ್ಲಿ ನೋಂದಾಯಿಸಲು ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನಿನಲ್ಲಿ ಕಟ್ಟಬೇಕಾದ ಸರ್ಕಾರಿ ಶುಲ್ಕ 4,500 ರೂಪಾಯಿ. ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಫೋಟೊವನ್ನು ಮುಂದಿನ ತಿಂಗಳು ತಿದ್ದಬಹುದು, ಡಬ್ಬಿಯನ್ನು ಅದರ ಮುಂದಿನ ತಿಂಗಳು. ಹೆಸರು ಹಾಗಲ್ಲ. ಸ್ಟಿಕ್ಕರ್ ಅಚ್ಚಿಗೆ ಕೊಡುವ ಮುನ್ನ ಟ್ರೇಡ್ ಮಾರ್ಕ್ ನೋಂದಣಿಯ ಜಾಲತಾಣದಲ್ಲಿ ನಿಮ್ಮ ಹೆಸರನ್ನು ಹುಡುಕಿ ನೋಡಿ. ಆಗಲೇ ಯಾರದೋ ಆಗಿದ್ದರೆ ಬೇರೆ ಹೆಸರು ಹುಡುಕಿ, ಇಲ್ಲದಿದ್ದರೆ ಅಂದೇ ಅರ್ಜಿ ಹಾಕಿ.