ತಿರುಗುವ ರೆಕ್ಕೆಯ ತುದಿಯಲ್ಲಿ ಎಷ್ಟು ವೋಲ್ಟ್?

ತಲೆಯ ಮೇಲೆ ತಿರುಗುವ ಫ್ಯಾನಿನ ಅಲ್ಯೂಮಿನಿಯಂ ರೆಕ್ಕೆ ಭೂಮಿಯ ಕಾಂತಕ್ಷೇತ್ರವನ್ನು ಸದಾ ಕತ್ತರಿಸುತ್ತಲೇ ಇರುತ್ತದೆ. ಹಾಗಾದರೆ ರೆಕ್ಕೆಯ ಬುಡಕ್ಕೂ ತುದಿಗೂ ನಡುವೆ ವಿದ್ಯುತ್ ಒತ್ತಡ ಹುಟ್ಟಲೇಬೇಕು. ಅದೆಷ್ಟು?

ಕಾಂತಕ್ಷೇತ್ರದಲ್ಲಿ ಚಲಿಸುವ ಲೋಹದೊಳಗಿನ ಎಲೆಕ್ಟ್ರಾನುಗಳನ್ನು ಬಲವೊಂದು ಪಕ್ಕಕ್ಕೆ ತಳ್ಳುತ್ತದೆ. ಸರಳು ನೇರವಾಗಿ ಸರಿದರೆ ಒತ್ತಡ ಎಂದರೆ ಕ್ಷೇತ್ರ, ಉದ್ದ, ವೇಗಗಳ ಗುಣಲಬ್ಧ. ಆದರೆ ತಿರುಗುವ ಸರಳಿಗೆ ಒಂದೇ ವೇಗವಿಲ್ಲ. ಬುಡ ನಿಂತಲ್ಲೇ ಇರುತ್ತದೆ, ತುದಿ ωL ವೇಗದಲ್ಲಿ ಓಡುತ್ತದೆ. ನಡುವೆ ವೇಗ ಸಮನಾಗಿ ಏರುವುದರಿಂದ ಸರಾಸರಿ ಅದರ ಅರ್ಧ. ಹಾಗಾಗಿ ಒತ್ತಡ ½BωL². ಪರೀಕ್ಷೆಯಲ್ಲಿ ಹುಡುಗರು ತುದಿಯ ವೇಗವನ್ನೇ ಹಾಕಿ ಇಮ್ಮಡಿ ಉತ್ತರ ಬರೆಯುವುದು ಇಲ್ಲಿಯೇ.

ರೆಕ್ಕೆಯ ಉದ್ದ 0.6 ಮೀಟರ್, ಸೆಕೆಂಡಿಗೆ 5 ಸುತ್ತು ಎನ್ನೋಣ; ω ಸುಮಾರು 31.4. ಅಡ್ಡಲಾಗಿ ತಿರುಗುವ ರೆಕ್ಕೆಗೆ ಲೆಕ್ಕಕ್ಕೆ ಬರುವುದು ಕ್ಷೇತ್ರದ ಲಂಬ ಭಾಗ ಮಾತ್ರ. ಬೆಂಗಳೂರಿನಲ್ಲಿ ಅದು ಸುಮಾರು 0.00001 ಟೆಸ್ಲಾ. ಉತ್ತರ: 0.000057 ವೋಲ್ಟ್.

ಇದನ್ನು ಇನ್ನೊಂದು ದಾರಿಯಿಂದ ತಾಳೆ ನೋಡಬಹುದು. ಒಂದು ಸುತ್ತಿಗೆ ರೆಕ್ಕೆ ಗುಡಿಸುವ ವಿಸ್ತೀರ್ಣ πL², ಅಂದರೆ 1.13 ಚದರ ಮೀಟರ್. ಸೆಕೆಂಡಿಗೆ 5.65. ಅದನ್ನು ಕ್ಷೇತ್ರದಿಂದ ಗುಣಿಸಿದರೆ ಅದೇ ಸಂಖ್ಯೆ.

ಎದುರುಬದುರಿನ ಎರಡು ರೆಕ್ಕೆಗಳ ತುದಿಗಳ ನಡುವೆ ಅಳೆದರೆ ಒತ್ತಡ ಇಮ್ಮಡಿಯಾಗುವುದಿಲ್ಲ, ಸೊನ್ನೆಯಾಗುತ್ತದೆ. ಎರಡೂ ತುದಿಗಳು ನಡುವಿನ ಬುಡಕ್ಕಿಂತ ಅಷ್ಟೇ ಮೇಲಿನ ಒತ್ತಡದಲ್ಲಿರುತ್ತವೆ.